ಕ್ಷ-ಕಿರಣ ವಿವರ್ತನಾ ವಿನ್ಯಾಸದ ವಿಶ್ಲೇಷಣೆ (ಕರಾವಳಿಯ ಮುರಕಲ್ಲು)

ಕ್ಷ-ಕಿರಣ ವಿವರ್ತನಾ ವಿನ್ಯಾಸದ ವಿಶ್ಲೇಷಣೆ ಎಂದರೆ ಒಂದು ವಸ್ತುವಿನ ಪುಡಿಯ ಮೇಲೆ ಕ್ಷ-ಕಿರಣಗಳನ್ನು ಹಾಯಿಸಿ, ಅವು ಯಾವ ಯಾವ ಕೋನಗಳಲ್ಲಿ ಪ್ರಬಲವಾಗಿ ಹೊರಬರುತ್ತವೆ ಎಂಬುದನ್ನು ಅಳೆದು, ಆ ವಸ್ತುವಿನಲ್ಲಿರುವ ಸ್ಫಟಿಕರೂಪದ ಘಟಕಗಳನ್ನು ಗುರುತಿಸುವ ವಿಧಾನ. ಹೀಗೆ ಗುರುತಿಸಿದ ಪ್ರತಿಯೊಂದು ಘಟಕವನ್ನು ಪ್ರಾವಸ್ಥೆ ಎನ್ನುತ್ತಾರೆ. ಅದೇ ಅಳತೆಗಳಿಂದ ಸ್ಫಟಿಕದ ಅತಿ ಚಿಕ್ಕ ಪುನರಾವರ್ತಿತ ಘಟಕದ, ಅಂದರೆ ಏಕಕೋಶದ, ಅಂಚುಗಳ ಉದ್ದವನ್ನೂ ಲೆಕ್ಕ ಹಾಕಬಹುದು. ಈ ಉದ್ದಗಳಿಗೆ ಜಾಲಕ ನಿಯತಾಂಕಗಳೆಂದು ಹೆಸರು.

ಈ ಲೇಖನವು ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ಪ್ರದೇಶಗಳಲ್ಲಿ ಮನೆ, ಬಾವಿ ಮತ್ತು ಆವರಣ ಗೋಡೆಗಳಿಗೆ ಬಳಕೆಯಾಗುವ ಮುರಕಲ್ಲನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಧಾನವನ್ನು ವಿವರಿಸುತ್ತದೆ. ಮುರಕಲ್ಲಿನಲ್ಲಿರುವ ಗೋಥೈಟ್ ಎಂಬ ಕಬ್ಬಿಣದ ಖನಿಜದ ಒಂದು ಜಾಲಕ ನಿಯತಾಂಕವನ್ನು ಅಳೆದರೆ, ಆ ಖನಿಜದೊಳಗೆ ಎಷ್ಟು ಅಲ್ಯೂಮಿನಿಯಂ ಸೇರಿಕೊಂಡಿದೆ ಎಂಬುದು ತಿಳಿಯುತ್ತದೆ. ಇಡೀ ಕಲ್ಲಿನ ಸಾಮಾನ್ಯ ರಾಸಾಯನಿಕ ವಿಶ್ಲೇಷಣೆಯಿಂದ ಈ ಮಾಹಿತಿ ದೊರೆಯುವುದಿಲ್ಲ.

## ಮುರಕಲ್ಲು

ಮುರಕಲ್ಲಿಗೆ ಕೆಂಪುಕಲ್ಲು, ಜಂಬಿಟ್ಟಿಗೆ ಎಂಬ ಹೆಸರುಗಳೂ ಇವೆ. ಭೂವಿಜ್ಞಾನದಲ್ಲಿ ಇದು ಲ್ಯಾಟರೈಟ್. ಕೆನರಾ ಮತ್ತು ಮಲಬಾರ್ ಪ್ರಾಂತ್ಯಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಈ ಹೆಸರನ್ನು ಕೊಟ್ಟನು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಇರುವ ಪದವೇ ಅದರ ಮೂಲ. ಕೋರೆಯಲ್ಲಿ ಮೆದುವಾಗಿದ್ದು, ಇಟ್ಟಿಗೆಯಂತೆ ಕತ್ತರಿಸಲು ಬರುವ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಗುಣವೇ ಈ ಹೆಸರಿಗೆ ಕಾರಣ.

ಭಾರೀ ಮಳೆಯ ಪ್ರದೇಶದಲ್ಲಿ ತಳದ ಗ್ರಾನೈಟ್ ಮತ್ತು ನೈಸ್ ಶಿಲೆಗಳು ದೀರ್ಘಕಾಲ ಶಿಥಿಲಗೊಂಡು ಮುರಕಲ್ಲು ಉಂಟಾಗುತ್ತದೆ. ಮೂಲಶಿಲೆಯ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂಗಳು ಮತ್ತು ಸಿಲಿಕಾದ ಬಹುಭಾಗ ನೀರಿನಲ್ಲಿ ಕರಗಿ ಹೋಗುತ್ತವೆ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದುಕೊಳ್ಳುತ್ತವೆ. ಆದ್ದರಿಂದ ಒಂದೇ ಕಲ್ಲಿನ ಮುಖದಲ್ಲಿ ಕೆಂಪು, ಹಳದಿಮಿಶ್ರಿತ ಕಂದು ಮತ್ತು ಬಿಳಿಯ ತೇಪೆಗಳು ಕಾಣಿಸುತ್ತವೆ. ಕೆಂಪು ಬಣ್ಣ ಸಾಮಾನ್ಯವಾಗಿ ಹೆಮಟೈಟ್‌ನದು, ಹಳದಿ-ಕಂದು ಗೋಥೈಟ್‌ನದು, ಬಿಳಿಯ ಜೇಡಿ ಕಯೊಲಿನೈಟ್‌ನದು. ಆದರೆ ಅತ್ಯಲ್ಪ ಹೆಮಟೈಟ್ ಇದ್ದರೂ ಅದು ಇತರ ಬಣ್ಣಗಳನ್ನು ಮರೆಮಾಡುತ್ತದೆ. ಹೀಗಾಗಿ ಬಣ್ಣವನ್ನೇ ನೋಡಿ ಯಾವ ಖನಿಜವಿದೆ ಎಂದು ತೀರ್ಮಾನಿಸುವುದು ಸರಿಯಲ್ಲ.

## ಮೂಲತತ್ತ್ವ

ಸ್ಫಟಿಕದಲ್ಲಿ ಪರಮಾಣುಗಳು ಸಮಾಂತರ ತಲಗಳಲ್ಲಿ ಜೋಡಣೆಗೊಂಡಿರುತ್ತವೆ. ಈ ತಲಗಳ ನಡುವಣ ಅಂತರವು ಕ್ಷ-ಕಿರಣಗಳ ತರಂಗಾಂತರಕ್ಕೆ ಹತ್ತಿರವಾಗಿರುವುದರಿಂದ ಸ್ಫಟಿಕವು ಕಿರಣಗಳನ್ನು ಕೆಲವೇ ನಿರ್ದಿಷ್ಟ ಕೋನಗಳಲ್ಲಿ ಪ್ರಬಲವಾಗಿ ಹೊರಸೂಸುತ್ತದೆ. 1912ರಲ್ಲಿ ಮ್ಯಾಕ್ಸ್ ವಾನ್ ಲಾವೆ ಮತ್ತು ಸಂಗಡಿಗರು ಈ ವಿದ್ಯಮಾನವನ್ನು ಕಂಡುಹಿಡಿದರು. ಅದೇ ವರ್ಷ ಲಾರೆನ್ಸ್ ಬ್ರ್ಯಾಗ್ ಅದನ್ನು ಸರಳವಾದ ಸಮೀಕರಣವೊಂದರಲ್ಲಿ ನಿರೂಪಿಸಿದರು:

```
nλ = 2d sin θ
```

ಇಲ್ಲಿ λ ಕಿರಣದ ತರಂಗಾಂತರ, d ತಲಗಳ ನಡುವಣ ಅಂತರ, θ ಕಿರಣವು ತಲದೊಡನೆ ಮಾಡುವ ಕೋನ, n ಒಂದು ಪೂರ್ಣಾಂಕ. ಪುಡಿಯ ವಿಶ್ಲೇಷಣೆಯಲ್ಲಿ n = 1 ಎಂದೇ ಇಟ್ಟುಕೊಳ್ಳುವುದು ರೂಢಿ. ಉಪಕರಣವು ಅಳೆಯುವುದು ಕಿರಣವು ತನ್ನ ಮೂಲ ದಿಕ್ಕಿನಿಂದ ಒಟ್ಟು ತಿರುಗಿದ ಕೋನವನ್ನು. ಅದು θ ಅಲ್ಲ, 2θ. ಲೆಕ್ಕ ಹಾಕುವ ಮೊದಲು ಅದನ್ನು ಅರ್ಧ ಮಾಡಿಕೊಳ್ಳಬೇಕು. ವಿದ್ಯಾರ್ಥಿಗಳು ಹೆಚ್ಚಾಗಿ ಮರೆಯುವ ಹೆಜ್ಜೆ ಇದೇ.

ಅಡ್ಡಗೆರೆಯಲ್ಲಿ 2θ, ಲಂಬಗೆರೆಯಲ್ಲಿ ತೀವ್ರತೆಯನ್ನು ಗುರುತಿಸಿದ ನಕ್ಷೆಯೇ ವಿವರ್ತನಾ ವಿನ್ಯಾಸ. ಅದರಲ್ಲಿ ಎದ್ದು ಕಾಣುವ ಮೊನೆಗಳನ್ನು ಶೃಂಗಗಳೆನ್ನುತ್ತಾರೆ. ಪ್ರಯೋಗಾಲಯಗಳ ಆಡುಮಾತಿನಲ್ಲಿ ಇವು ಪೀಕ್‌ಗಳು. ಪ್ರತಿಯೊಂದು ಶೃಂಗವೂ ಒಂದು ಬಗೆಯ ತಲಗಳಿಂದ ಬಂದದ್ದು. ಆ ತಲವನ್ನು 110, 111 ಮುಂತಾದ ಮೂರು ಅಂಕಿಗಳಿಂದ ಸೂಚಿಸುತ್ತಾರೆ. ಇವು ಮಿಲ್ಲರ್ ಸೂಚ್ಯಂಕಗಳು.

## ಮಾದರಿಯ ಸಿದ್ಧತೆ ಮತ್ತು ಕಿರಣದ ಆಯ್ಕೆ

ಮುರಕಲ್ಲಿನ ತುಂಡನ್ನು ಒಣಗಿಸಿ, ಅಗೇಟ್ ಕಲ್ಬತ್ತಿನಲ್ಲಿ ನುಣ್ಣಗೆ ಅರೆಯಬೇಕು. ಕಣಗಳು ಸುಮಾರು 10 ಮೈಕ್ರೊಮೀಟರಿಗಿಂತ ಚಿಕ್ಕದಾಗಿದ್ದರೆ ಎಲ್ಲ ದಿಕ್ಕಿನ ಸ್ಫಟಿಕಗಳೂ ಕಿರಣಕ್ಕೆ ಸಮನಾಗಿ ಸಿಗುತ್ತವೆ. ಒರಟು ಪುಡಿಯಲ್ಲಿ ಕೆಲವೇ ದೊಡ್ಡ ಕ್ವಾರ್ಟ್ಜ್ ಹರಳುಗಳು ಒಂದು ಶೃಂಗವನ್ನು ಅತಿಯಾಗಿ ಎತ್ತರಿಸಿಬಿಡಬಹುದು. ಪುಡಿಯನ್ನು ಹಿಡಿಕೆಯ ಗುಳಿಯಲ್ಲಿ ತುಂಬಿ ಮೇಲ್ಮೈಯನ್ನು ಹಿಡಿಕೆಯ ಅಂಚಿಗೆ ಸರಿಸಮವಾಗಿ ಮಾಡಬೇಕು. ಗಾಜಿನಿಂದ ಬಲವಾಗಿ ಒತ್ತಿದರೆ ಕಯೊಲಿನೈಟ್‌ನ ಚಪ್ಪಟೆ ಹಾಳೆಗಳು ಮಲಗಿಬಿಡುತ್ತವೆ. ಆಗ ಅದರ 001 ಶೃಂಗ ಇರಬೇಕಾದುದಕ್ಕಿಂತ ಹಲವು ಪಟ್ಟು ಎತ್ತರವಾಗಿ ಕಾಣಿಸಿ, ಕಲ್ಲಿನಲ್ಲಿ ಜೇಡಿಯೇ ಹೆಚ್ಚೆಂಬ ಭ್ರಮೆ ಹುಟ್ಟಿಸುತ್ತದೆ.

ಹೆಚ್ಚಿನ ಪ್ರಯೋಗಾಲಯಗಳಲ್ಲಿ ಬಳಸುವುದು ತಾಮ್ರದ ಕ್ಷ-ಕಿರಣ. ಅದರ ಮುಖ್ಯ ತರಂಗಾಂತರ 1.5406 ಆಂಗ್‌ಸ್ಟ್ರಾಮ್. ಕಬ್ಬಿಣ ತುಂಬಿದ ಮುರಕಲ್ಲಿಗೆ ಇದರಿಂದ ಒಂದು ತೊಡಕಿದೆ. ತಾಮ್ರದ ಕಿರಣದ ಶಕ್ತಿ ಸುಮಾರು 8.05 ಕಿಲೋ ಎಲೆಕ್ಟ್ರಾನ್ ವೋಲ್ಟ್. ಕಬ್ಬಿಣದ ಪರಮಾಣುವಿನ ಒಳಗಿನ ಎಲೆಕ್ಟ್ರಾನನ್ನು ಹೊರಹಾಕಲು 7.11 ಸಾಕು. ಹೀಗಾಗಿ ಕಬ್ಬಿಣವು ಆ ಕಿರಣವನ್ನು ಹೀರಿಕೊಂಡು ತನ್ನದೇ ಕ್ಷ-ಕಿರಣವನ್ನು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಇದನ್ನು ಪ್ರತಿದೀಪ್ತಿ ಎನ್ನುತ್ತಾರೆ. ನಕ್ಷೆಯಲ್ಲಿ ಇದು ಎತ್ತರದ, ಒರಟಾದ ಹಿನ್ನೆಲೆಯಾಗಿ ಕಂಡು ಸಣ್ಣ ಶೃಂಗಗಳನ್ನು ನುಂಗಿಬಿಡುತ್ತದೆ. ಏಕವರ್ಣಕವನ್ನಾಗಲಿ, ಶಕ್ತಿಯನ್ನು ಬೇರ್ಪಡಿಸಬಲ್ಲ ಪತ್ತೆಕಾರಕವನ್ನಾಗಲಿ ಬಳಸುವುದು ಇದಕ್ಕೆ ಒಂದು ಪರಿಹಾರ. ಕೋಬಾಲ್ಟ್ ಕಿರಣವನ್ನು ಬಳಸುವುದು ಇನ್ನೊಂದು. ಕೋಬಾಲ್ಟ್ ಕಿರಣದ ಶಕ್ತಿ 6.93 ಮಾತ್ರ ಆದುದರಿಂದ ಕಬ್ಬಿಣ ಅದಕ್ಕೆ ಪ್ರತಿದೀಪಿಸುವುದಿಲ್ಲ.

ಕಿರಣ ಬದಲಾದರೆ ಶೃಂಗಗಳ ಕೋನವೂ ಬದಲಾಗುತ್ತದೆ ಎಂಬುದನ್ನು ನೆನಪಿಡಬೇಕು. ತಾಮ್ರದ ಕಿರಣದಲ್ಲಿ 26.64 ಡಿಗ್ರಿಯಲ್ಲಿ ಬರುವ ಕ್ವಾರ್ಟ್ಜ್‌ನ ಪ್ರಧಾನ ಶೃಂಗ ಕೋಬಾಲ್ಟ್‌ನಲ್ಲಿ 31.04 ಡಿಗ್ರಿಗೆ ಸರಿಯುತ್ತದೆ. ಬದಲಾಗದೆ ಉಳಿಯುವುದು d ಮಾತ್ರ. ಆದ್ದರಿಂದ ಬೇರೆಯವರ ನಕ್ಷೆಯೊಡನೆ ಹೋಲಿಸುವಾಗ ಕೋನಗಳನ್ನಲ್ಲ, d ಬೆಲೆಗಳನ್ನು ಹೋಲಿಸಬೇಕು.

## ಪ್ರಾವಸ್ಥೆಗಳ ಗುರುತಿಸುವಿಕೆ

ಪ್ರತಿಯೊಂದು ಖನಿಜಕ್ಕೂ ತನ್ನದೇ ಆದ d ಬೆಲೆಗಳ ಮತ್ತು ತೀವ್ರತೆಗಳ ಪಟ್ಟಿಯಿದೆ. 1938ರಲ್ಲಿ ಹ್ಯಾನವಾಲ್ಟ್, ರಿನ್ ಮತ್ತು ಫ್ರೆವೆಲ್ ಎಂಬವರು ಒಂದು ಸಾವಿರ ಪದಾರ್ಥಗಳ ಇಂತಹ ಪಟ್ಟಿಗಳನ್ನು ಪ್ರಕಟಿಸಿ, ಪ್ರಬಲವಾದ ಮೂರು ಗೆರೆಗಳಿಂದ ಹುಡುಕುವ ಕ್ರಮವನ್ನು ರೂಪಿಸಿದರು. ಇಂದು ಗಣಕದಲ್ಲಿ ನಡೆಯುವ ಹುಡುಕಾಟದ ತಳಹದಿಯೂ ಅದೇ. ಆದರೆ ತಂತ್ರಾಂಶವು ಸೂಚಿಸಿದ ಹೆಸರನ್ನು ಹಾಗೆಯೇ ಒಪ್ಪಿಕೊಳ್ಳಬಾರದು. ಒಂದು ಖನಿಜವಿದೆ ಎನ್ನಬೇಕಾದರೆ ಅದರ ಪ್ರಬಲ ಶೃಂಗಗಳೆಲ್ಲವೂ ನಕ್ಷೆಯಲ್ಲಿರಬೇಕು. ಒಂದು ಪ್ರಬಲ ಶೃಂಗ ಇಲ್ಲದಿದ್ದರೂ ಅದಕ್ಕೆ ಕಾರಣವನ್ನು ಕೊಡುವಂತಿರಬೇಕು. ಜೊತೆಗೆ ಆ ಖನಿಜವು ಆ ನೆಲದಲ್ಲಿ ಇರಲು ಸಾಧ್ಯವೇ ಎಂಬುದನ್ನೂ ವಿಚಾರಿಸಬೇಕು.

ಕೆಳಗಿನ ಕೋಷ್ಟಕವು ವಿಧಾನವನ್ನು ತೋರಿಸುವುದಕ್ಕಾಗಿ, ಖನಿಜಗಳ ತಿಳಿದ ಜಾಲಕ ನಿಯತಾಂಕಗಳಿಂದ ರಚಿಸಿದ ಮಾದರಿ ಲೆಕ್ಕ. ಇದು ಯಾವುದೇ ನಿರ್ದಿಷ್ಟ ಕೋರೆಯ ಕಲ್ಲಿನ ವರದಿಯಲ್ಲ. ಮುರಕಲ್ಲಿನಲ್ಲಿ ಸಾಮಾನ್ಯವಾಗಿ ಕಾಣಸಿಗುವ ಐದು ಖನಿಜಗಳನ್ನು ಇದರಲ್ಲಿ ತೆಗೆದುಕೊಳ್ಳಲಾಗಿದೆ. ಕಿರಣ ತಾಮ್ರದ್ದು, ಕೋನಗಳು ಡಿಗ್ರಿಯಲ್ಲಿ, d ಆಂಗ್‌ಸ್ಟ್ರಾಮ್‌ನಲ್ಲಿ.

| ಅಳೆದ 2θ | ತಿದ್ದಿದ 2θ | d | ಖನಿಜ ಮತ್ತು ತಲ |
|---|---|---|---|
| 12.41 | 12.35 | 7.16 | ಕಯೊಲಿನೈಟ್ 001 |
| 18.34 | 18.28 | 4.85 | ಗಿಬ್ಸೈಟ್ 002 |
| 20.92 | 20.86 | 4.26 | ಕ್ವಾರ್ಟ್ಜ್ 100 |
| 21.35 | 21.29 | 4.170 | ಗೋಥೈಟ್ 110 |
| 24.20 | 24.14 | 3.68 | ಹೆಮಟೈಟ್ 012 |
| 24.91 | 24.85 | 3.58 | ಕಯೊಲಿನೈಟ್ 002 |
| 26.70 | 26.64 | 3.34 | ಕ್ವಾರ್ಟ್ಜ್ 101 |
| 35.67 | 35.61 | 2.52 | ಹೆಮಟೈಟ್ 110 |
| 36.60 | 36.54 | 2.457 | ಕ್ವಾರ್ಟ್ಜ್ 110 |
| 36.94 | 36.88 | 2.435 | ಗೋಥೈಟ್ 111 |

ಮೊದಲು ಗುರುತಿಸಬೇಕಾದದ್ದು ಕ್ವಾರ್ಟ್ಜ್, ಅಂದರೆ ಬೆಣಚು. ಶಿಥಿಲೀಕರಣದಲ್ಲಿ ಅದು ಸುಲಭವಾಗಿ ಕರಗದೆ ಉಳಿಯುತ್ತದೆ. ಅದರ ಶೃಂಗಗಳು ಚೂಪಾಗಿರುತ್ತವೆ, ಸ್ಥಾನಗಳು ಅತ್ಯಂತ ನಿಖರವಾಗಿ ತಿಳಿದಿವೆ. ಬಳಿಕ 7.16 ಮತ್ತು 3.58ರ ಜೋಡಿಯನ್ನು ನೋಡಬೇಕು. ಎರಡನೆಯದು ಮೊದಲನೆಯದರ ಸರಿಯಾದ ಅರ್ಧ. ಇದು ಒಂದೇ ಹಾಳೆ ಹಾಳೆಯಾದ ಖನಿಜದಿಂದ ಬಂದ ಲಕ್ಷಣ. ಕ್ಲೋರೈಟ್ ಎಂಬ ಇನ್ನೊಂದು ಖನಿಜವೂ 7.1ರ ಸಮೀಪ ಶೃಂಗವನ್ನು ಕೊಡುತ್ತದೆಯಾದರೂ ಅದಕ್ಕೆ 14ರ ಸಮೀಪ ಮತ್ತೊಂದು ಶೃಂಗವಿರುತ್ತದೆ. ಇಲ್ಲಿ ಅದು ಇಲ್ಲ. 27.5ರಿಂದ 28 ಡಿಗ್ರಿಯ ನಡುವೆ ಏನೂ ಕಾಣದಿರುವುದೂ ಗಮನಾರ್ಹ. ಮೂಲಶಿಲೆಯ ಫೆಲ್ಡ್‌ಸ್ಪಾರ್ ತನ್ನ ಪ್ರಧಾನ ಶೃಂಗಗಳನ್ನು ಅಲ್ಲಿಯೇ ಕೊಡುತ್ತದೆ. ಅದು ಇಲ್ಲವೆಂದರೆ ಫೆಲ್ಡ್‌ಸ್ಪಾರ್ ಬಹುಮಟ್ಟಿಗೆ ಜೇಡಿಯಾಗಿ ಮಾರ್ಪಟ್ಟಿದೆ ಎಂದರ್ಥ.

ತೊಡಕಿರುವುದು ಕಬ್ಬಿಣದ ಎರಡು ಖನಿಜಗಳಲ್ಲಿ. ಹೆಮಟೈಟ್‌ನ ಅತಿ ಪ್ರಬಲ ಶೃಂಗ 33.15 ಡಿಗ್ರಿಯಲ್ಲಿದೆ. ಗೋಥೈಟ್‌ನ 130 ಶೃಂಗ 33.2ರಿಂದ 33.4ರ ನಡುವೆ ಬರುತ್ತದೆ. ಇವೆರಡೂ ಅಗಲವಾದ ಶೃಂಗಗಳಾದುದರಿಂದ ಒಂದರೊಳಗೊಂದು ಬೆರೆತು ಒಂದೇ ದಿಬ್ಬವಾಗಿ ಕಾಣುತ್ತವೆ. ಈ ಕಾರಣಕ್ಕಾಗಿಯೇ ಅದನ್ನು ಕೋಷ್ಟಕದಲ್ಲಿ ಸೇರಿಸಿಲ್ಲ. ಆ ದಿಬ್ಬವನ್ನು ಮಾತ್ರ ನೋಡಿ ಹೆಮಟೈಟ್ ಇದೆ ಎಂದು ಬರೆದುಬಿಡುವುದು ಸಾಮಾನ್ಯ ತಪ್ಪು. ಹೆಮಟೈಟ್‌ಗೆ ಸಾಕ್ಷಿ 24.14ರ ಒಂಟಿ ಶೃಂಗ. ಗೋಥೈಟ್‌ಗೆ ಸಾಕ್ಷಿ 21.2ರ ಆಸುಪಾಸಿನ ಶೃಂಗ.

ಸಂದೇಹ ಉಳಿದರೆ ಮಾದರಿಯನ್ನು ಕಾಯಿಸಿ ಮತ್ತೊಮ್ಮೆ ನೋಡಬಹುದು. ಸುಮಾರು 350 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಗಿಬ್ಸೈಟ್‌ನ 4.85 ಮತ್ತು ಗೋಥೈಟ್‌ನ 4.17 ಶೃಂಗಗಳು ಮಾಯವಾಗುತ್ತವೆ. ಗೋಥೈಟ್ ನೀರನ್ನು ಕಳೆದುಕೊಂಡು ಹೆಮಟೈಟ್ ಆಗುವುದರಿಂದ ಹೆಮಟೈಟ್‌ನ ಶೃಂಗಗಳು ಬೆಳೆಯುತ್ತವೆ. 550 ಡಿಗ್ರಿಗೆ ಕಾಯಿಸಿದಾಗ ಕಯೊಲಿನೈಟ್‌ನ 7.16 ಕೂಡ ಅಳಿದುಹೋಗುತ್ತದೆ. ಕ್ವಾರ್ಟ್ಜ್ ಮಾತ್ರ ಹಾಗೆಯೇ ಉಳಿಯುತ್ತದೆ. ಮಂಗಳೂರು ಹೆಂಚಿನ ಮಣ್ಣು ಭಟ್ಟಿಯಲ್ಲಿ ಕೆಂಪಾಗುವುದರ ಹಿಂದೆಯೂ ಕಬ್ಬಿಣವು ಹೆಮಟೈಟ್ ರೂಪ ತಾಳುವ ಈ ಬದಲಾವಣೆಯೇ ಇದೆ.

## ಸ್ಥಾನದ ತಿದ್ದುಪಡಿ

ಕೋಷ್ಟಕದ ಮೊದಲನೆಯ ಮತ್ತು ಎರಡನೆಯ ಸಾಲುಗಳ ನಡುವೆ ಎಲ್ಲೆಡೆಯೂ 0.06 ಡಿಗ್ರಿಯ ವ್ಯತ್ಯಾಸವಿದೆ. ಇದು ಎಲ್ಲಿಂದ ಬಂತು? ಪುಡಿಯ ಮೇಲ್ಮೈ ಇರಬೇಕಾದ ಮಟ್ಟಕ್ಕಿಂತ ಸ್ವಲ್ಪ ಮೇಲಿದ್ದರೆ ಎಲ್ಲ ಶೃಂಗಗಳೂ ಹೆಚ್ಚಿನ ಕೋನದ ಕಡೆಗೆ ಸರಿಯುತ್ತವೆ. ಕೆಳಗಿದ್ದರೆ ಕಡಿಮೆ ಕೋನದ ಕಡೆಗೆ ಸರಿಯುತ್ತವೆ. 200 ಮಿಲಿಮೀಟರ್ ತ್ರಿಜ್ಯದ ಉಪಕರಣದಲ್ಲಿ 0.06 ಡಿಗ್ರಿಯ ಸರಿತಕ್ಕೆ ಪುಡಿ ಕೇವಲ 0.1 ಮಿಲಿಮೀಟರ್ ಉಬ್ಬಿದ್ದರೆ ಸಾಕು. ಎಷ್ಟೇ ಎಚ್ಚರದಿಂದ ತುಂಬಿದರೂ ಇಷ್ಟು ತಪ್ಪು ಸಂಭವಿಸಬಹುದು.

ಇದನ್ನು ಪತ್ತೆಹಚ್ಚುವ ಅಳತೆಗೋಲು ಕಲ್ಲಿನೊಳಗೇ ಇದೆ. ಕ್ವಾರ್ಟ್ಜ್‌ನ ಮೂರು ಶೃಂಗಗಳು 20.86, 26.64 ಮತ್ತು 36.54ರಲ್ಲಿ ಇರಬೇಕಾಗಿತ್ತು. ಅಳೆದಾಗ ಸಿಕ್ಕಿದ್ದು 20.92, 26.70 ಮತ್ತು 36.60. ಮೂರೂ ಒಂದೇ ದಿಕ್ಕಿಗೆ, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಸರಿದಿವೆ. ಹೀಗಿದ್ದಾಗ ಎಲ್ಲ ಅಳತೆಗಳಿಂದಲೂ 0.06 ಕಳೆಯುವುದು ಸಮರ್ಥನೀಯ. ನಿಜವಾಗಿ ಈ ಸರಿತವು cos θ ಗೆ ಅನುಗುಣವಾಗಿ ಕೋನ ಹೆಚ್ಚಿದಂತೆ ಕುಗ್ಗುತ್ತದೆ. 21ರಿಂದ 37 ಡಿಗ್ರಿಯ ಈ ಕಿರಿದಾದ ವ್ಯಾಪ್ತಿಯಲ್ಲಿ ಆ ಕುಗ್ಗುವಿಕೆ ಗಣನೆಗೆ ಬರುವಷ್ಟಿಲ್ಲ. ಮೂರು ಶೃಂಗಗಳು ಮೂರು ಬಗೆಯಾಗಿ ಸರಿದಿದ್ದರೆ ಮಾತ್ರ ತಪ್ಪು ಬೇರೆಡೆಯಿದೆ ಎಂದು ತಿಳಿದು, ಮಾದರಿಯನ್ನು ಮತ್ತೆ ತುಂಬಿ ಅಳೆಯಬೇಕು. ಕ್ವಾರ್ಟ್ಜ್ ಇಲ್ಲದ ಮಾದರಿಗೆ ಶುದ್ಧ ಸಿಲಿಕಾನ್ ಪುಡಿಯನ್ನು ಬೆರೆಸಿ ಇದೇ ಕೆಲಸವನ್ನು ಸಾಧಿಸುತ್ತಾರೆ.

## ಜಾಲಕ ನಿಯತಾಂಕದ ಲೆಕ್ಕ

ಗೋಥೈಟ್‌ನ ಏಕಕೋಶವು ಒಂದು ಆಯತಾಕಾರದ ಪೆಟ್ಟಿಗೆ. ಅದರ ಮೂರು ಅಂಚುಗಳ ಉದ್ದ ಬೇರೆ ಬೇರೆ. ಶುದ್ಧ ಗೋಥೈಟ್‌ನಲ್ಲಿ a ಸುಮಾರು 4.61, b ಸುಮಾರು 9.96, c ಸುಮಾರು 3.02 ಆಂಗ್‌ಸ್ಟ್ರಾಮ್. ಇಂತಹ ಪೆಟ್ಟಿಗೆಯಲ್ಲಿ hkl ತಲಗಳ ಅಂತರವನ್ನು ಈ ಸೂತ್ರ ಕೊಡುತ್ತದೆ:

```
1/d² = h²/a² + k²/b² + l²/c²
```

110 ತಲಕ್ಕೆ ಇದು 1/a² + 1/b² ಆಗುತ್ತದೆ. 111 ತಲಕ್ಕೆ ಅದರ ಜೊತೆ 1/c² ಸೇರುತ್ತದೆ. ಆದ್ದರಿಂದ ಎರಡನೆಯದರಿಂದ ಮೊದಲನೆಯದನ್ನು ಕಳೆದರೆ a ಮತ್ತು b ಎರಡೂ ಹೊರಟುಹೋಗಿ c ಮಾತ್ರ ಉಳಿಯುತ್ತದೆ:

```
1/c² = 1/d₁₁₁² − 1/d₁₁₀²
```

ಮೊದಲು ತಿದ್ದಿದ ಕೋನಗಳಿಂದ d ಕಂಡುಹಿಡಿಯಬೇಕು. 110 ಶೃಂಗಕ್ಕೆ 2θ = 21.29, ಅಂದರೆ θ = 10.645. 111 ಶೃಂಗಕ್ಕೆ 2θ = 36.88, ಅಂದರೆ θ = 18.44.

```
d₁₁₀ = 1.5406 / (2 × 0.18472) = 4.1700
d₁₁₁ = 1.5406 / (2 × 0.31631) = 2.4353

1/d₁₁₁² = 0.16862
1/d₁₁₀² = 0.05751
1/c²    = 0.11111
c       = 3.000
```

ಹೀಗೆ ಈ ಮಾದರಿಯ ಗೋಥೈಟ್‌ಗೆ c = 3.000 ಆಂಗ್‌ಸ್ಟ್ರಾಮ್. ಶುದ್ಧ ಗೋಥೈಟ್‌ಗಿಂತ ಇದು ಸುಮಾರು 0.02 ಆಂಗ್‌ಸ್ಟ್ರಾಮ್ ಕಡಿಮೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೆಲವು ಪುಸ್ತಕಗಳು ಮತ್ತು ದತ್ತಾಂಶ ಸಂಗ್ರಹಗಳು ಗೋಥೈಟ್‌ನ ಅಕ್ಷಗಳಿಗೆ ಬೇರೆ ಕ್ರಮದಲ್ಲಿ ಹೆಸರಿಡುತ್ತವೆ. ಆ ಕ್ರಮದಲ್ಲಿ 3.02ರ ಅಂಚಿನ ಹೆಸರು b, ಮತ್ತು ಇಲ್ಲಿ 110 ಎಂದು ಕರೆದ ತಲ ಅಲ್ಲಿ 101. ಖನಿಜ ಒಂದೇ, ಹೆಸರು ಮಾತ್ರ ಬೇರೆ. ಎರಡು ಕ್ರಮಗಳನ್ನು ಬೆರೆಸಿದರೆ ಲೆಕ್ಕ ಕೆಡುತ್ತದೆ.

## ಅಲ್ಯೂಮಿನಿಯಂ ಪ್ರಮಾಣ

ಏಕಕೋಶ ಕುಗ್ಗಿದ್ದೇಕೆ ಎಂಬುದಕ್ಕೆ ಉತ್ತರ ಅಲ್ಯೂಮಿನಿಯಂ. ಗೋಥೈಟ್‌ನಲ್ಲಿ ಕಬ್ಬಿಣದ ಅಯಾನು ಇರಬೇಕಾದ ಕೆಲವು ಜಾಗಗಳಲ್ಲಿ ಅಲ್ಯೂಮಿನಿಯಂ ಅಯಾನು ಕುಳಿತುಕೊಳ್ಳುತ್ತದೆ. ಅದು ಕಬ್ಬಿಣದ ಅಯಾನಿಗಿಂತ ಚಿಕ್ಕದಾದುದರಿಂದ ಪೆಟ್ಟಿಗೆ ಕಿರಿದಾಗುತ್ತದೆ. 1984ರಲ್ಲಿ ಷುಲ್ಜ್ ಎಂಬ ಮಣ್ಣುವಿಜ್ಞಾನಿ ಈ ಸಂಬಂಧವನ್ನು ಹೀಗೆ ಸೂತ್ರೀಕರಿಸಿದರು:

```
Al (mol %) = 1730 − 572 c
```

ನಮ್ಮ ಬೆಲೆಯನ್ನು ಹಾಕಿದರೆ 1730 − 572 × 3.000 = 14. ಅಂದರೆ ಗೋಥೈಟ್‌ನ ಪ್ರತಿ ನೂರು ಲೋಹಸ್ಥಾನಗಳಲ್ಲಿ ಸುಮಾರು 14ರಲ್ಲಿ ಅಲ್ಯೂಮಿನಿಯಂ ಇದೆ. ನಿಸರ್ಗದಲ್ಲಿ ಈ ಪ್ರಮಾಣ ಸುಮಾರು 33ರವರೆಗೆ ಏರಬಹುದು. a ಅಂಚನ್ನು ಬಿಟ್ಟು c ಯನ್ನೇ ಆರಿಸಿಕೊಳ್ಳಲು ಕಾರಣವಿದೆ. a ಉದ್ದವು ಅಲ್ಯೂಮಿನಿಯಂನಿಂದ ಮಾತ್ರವಲ್ಲ, ಸ್ಫಟಿಕದ ರಚನಾದೋಷಗಳಿಂದಲೂ ಬದಲಾಗುತ್ತದೆ.

ಇಡೀ ಕಲ್ಲನ್ನು ಕರಗಿಸಿ ರಾಸಾಯನಿಕವಾಗಿ ವಿಶ್ಲೇಷಿಸಿದರೆ ಒಟ್ಟು ಅಲ್ಯೂಮಿನಿಯಂ ಎಷ್ಟೆಂದು ತಿಳಿಯುತ್ತದೆ. ಆದರೆ ಅದು ಕಯೊಲಿನೈಟ್, ಗಿಬ್ಸೈಟ್, ಗೋಥೈಟ್ ಮೂರರಲ್ಲಿಯೂ ಹಂಚಿಹೋಗಿರುತ್ತದೆ. ಗೋಥೈಟ್‌ನ ಪಾಲನ್ನು ಬೇರೆಯಾಗಿ ತೋರಿಸುವುದು ಜಾಲಕ ನಿಯತಾಂಕ. ಈ ಪಾಲು ಕಲ್ಲು ರೂಪುಗೊಂಡ ಪರಿಸರದ ಸುಳಿವು ಕೊಡುತ್ತದೆ. ನೀರು ನಿಲ್ಲುವ ನೆಲದಲ್ಲಿ ಕಬ್ಬಿಣ ಕರಗಿ ಚಲಿಸಿ ಮತ್ತೆ ಒತ್ತರಿಸಿದಾಗ ಹುಟ್ಟುವ ಗೋಥೈಟ್‌ನಲ್ಲಿ ಅಲ್ಯೂಮಿನಿಯಂ ಸಾಮಾನ್ಯವಾಗಿ ಕಡಿಮೆ. ನೀರು ಸರಾಗವಾಗಿ ಬಸಿದುಹೋಗುವ, ತೀವ್ರವಾಗಿ ಶಿಥಿಲಗೊಂಡ ದಿಣ್ಣೆಗಳ ಗೋಥೈಟ್‌ನಲ್ಲಿ ಅದು ಹೆಚ್ಚು. ಹೀಗಾಗಿ ಗುಡ್ಡದ ತಲೆಯ ಕಲ್ಲನ್ನೂ ಬಯಲಿನ ಅಂಚಿನ ಕಲ್ಲನ್ನೂ ಒಂದೇ ವಿಧಾನದಲ್ಲಿ ಅಳೆದು ಹೋಲಿಸುವುದು, ಒಂದೇ ಕಲ್ಲಿನ ಬೆಲೆಯನ್ನು ಬಿಡಿಯಾಗಿ ವ್ಯಾಖ್ಯಾನಿಸುವುದಕ್ಕಿಂತ ಹೆಚ್ಚು ಅರ್ಥಪೂರ್ಣ.

## ದೋಷಗಳು ಮತ್ತು ಮಿತಿಗಳು

ಸೂತ್ರದಲ್ಲಿರುವ 572 ಎಂಬ ಸಂಖ್ಯೆ ಚಿಕ್ಕ ತಪ್ಪನ್ನೂ ದೊಡ್ಡದು ಮಾಡುತ್ತದೆ. c ಬೆಲೆಯಲ್ಲಿ 0.01 ಆಂಗ್‌ಸ್ಟ್ರಾಮ್ ವ್ಯತ್ಯಾಸವಾದರೆ ಅಲ್ಯೂಮಿನಿಯಂ ಪ್ರಮಾಣ 5.7ರಷ್ಟು ಬದಲಾಗುತ್ತದೆ. 111 ಶೃಂಗದ ಸ್ಥಾನವನ್ನು 0.02 ಡಿಗ್ರಿಯಷ್ಟು ತಪ್ಪಾಗಿ ಓದಿದರೂ ಉತ್ತರದಲ್ಲಿ ಸುಮಾರು 1.4ರ ಅಂತರ ಬೀಳುತ್ತದೆ. ಮೇಲಿನ ಉದಾಹರಣೆಯಲ್ಲಿ ಕ್ವಾರ್ಟ್ಜ್ ತಿದ್ದುಪಡಿಯನ್ನು ಮಾಡದೆ 21.35 ಮತ್ತು 36.94ನ್ನೇ ಬಳಸಿದ್ದರೆ c = 2.997 ಎಂದೂ ಅಲ್ಯೂಮಿನಿಯಂ 15.6 ಎಂದೂ ಬರುತ್ತಿತ್ತು. ತಾಮ್ರದ ಎರಡು ಸಮೀಪದ ತರಂಗಾಂತರಗಳ ಸರಾಸರಿಯಾದ 1.5418ನ್ನು ತಪ್ಪಾಗಿ ಹಾಕಿದ್ದರೆ ಉತ್ತರ 12.7ಕ್ಕೆ ಇಳಿಯುತ್ತಿತ್ತು. ಇದರ ಮೇಲೆ ಸೂತ್ರದಲ್ಲೇ ಎರಡು-ಮೂರರಷ್ಟು ಅನಿಶ್ಚಿತತೆಯಿದೆ. ಆದ್ದರಿಂದ ಫಲಿತಾಂಶವನ್ನು 14.00 ಎಂದು ದಶಮಾಂಶಗಳ ಸಹಿತ ಬರೆಯುವುದು ಸಲ್ಲದು. 14, ಮೂರರಷ್ಟು ಹೆಚ್ಚು ಅಥವಾ ಕಡಿಮೆ ಎಂದು ಬರೆಯುವುದು ಪ್ರಾಮಾಣಿಕ.

ಇನ್ನೊಂದು ದೋಷ ಗೆರೆಯನ್ನೇ ತಪ್ಪಾಗಿ ಆರಿಸುವುದು. ಗೋಥೈಟ್ 111 ಶೃಂಗದ ಪಕ್ಕದಲ್ಲೇ 36.54ರಲ್ಲಿ ಕ್ವಾರ್ಟ್ಜ್ 110 ಇದೆ. ಬೆಣಚು ಹೆಚ್ಚಿರುವ ಕಲ್ಲಿನಲ್ಲಿ ಕ್ವಾರ್ಟ್ಜ್ ಶೃಂಗ ಚೂಪಾಗಿ ನಿಂತು, ಗೋಥೈಟ್ ಶೃಂಗ ಅದರ ಬಲಭುಜದ ಇಳಿಜಾರಿನಂತೆ ಕಾಣಬಹುದು. ಅಜಾಗರೂಕತೆಯಿಂದ ಚೂಪಾದುದನ್ನೇ ತೆಗೆದುಕೊಂಡರೆ c = 3.041 ಎಂದು ಬರುತ್ತದೆ. ಸೂತ್ರಕ್ಕೆ ಹಾಕಿದಾಗ ಅಲ್ಯೂಮಿನಿಯಂ ಪ್ರಮಾಣ ಸೊನ್ನೆಗಿಂತ 9 ಕಡಿಮೆ. ಋಣ ಪ್ರಮಾಣ ಅಸಾಧ್ಯ. c ಬೆಲೆಯು ಶುದ್ಧ ಗೋಥೈಟ್‌ನ 3.02ನ್ನು ಸ್ಪಷ್ಟವಾಗಿ ಮೀರಿದರೆ ಗೆರೆಯ ಆಯ್ಕೆ ತಪ್ಪಿದೆ ಎಂದೇ ತಿಳಿಯಬೇಕು. ಇದನ್ನು ತಪ್ಪಿಸಲು ಪುಡಿಯನ್ನು ನೀರಿನಲ್ಲಿ ಕದಡಿ, ಒರಟು ಬೆಣಚು ತಳಕ್ಕಿಳಿದ ಮೇಲೆ ತೇಲುವ ನುಣುಪಾದ ಭಾಗವನ್ನು ಬೇರ್ಪಡಿಸಿಕೊಳ್ಳುತ್ತಾರೆ. ಸ್ಥಾನವನ್ನು ತಿದ್ದಲು ಬೇಕಾಗುವಷ್ಟು ಕ್ವಾರ್ಟ್ಜ್ ಸಾಮಾನ್ಯವಾಗಿ ಅದರಲ್ಲಿಯೂ ಉಳಿದಿರುತ್ತದೆ. ಬಳಿಕ 20ರಿಂದ 38 ಡಿಗ್ರಿಯವರೆಗಿನ ಭಾಗವನ್ನು ಮಾತ್ರ ನಿಧಾನವಾಗಿ ಮತ್ತೊಮ್ಮೆ ಅಳೆಯುತ್ತಾರೆ.

ಶೃಂಗದ ಎತ್ತರವನ್ನು ಖನಿಜದ ಪ್ರಮಾಣವೆಂದು ಓದಬಾರದು. ಒಂದೇ ತೂಕದ ಕ್ವಾರ್ಟ್ಜ್ ಮತ್ತು ಗೋಥೈಟ್ ಇದ್ದರೂ ಕ್ವಾರ್ಟ್ಜ್‌ನ ಶೃಂಗ ಬಹಳ ಎತ್ತರವಾಗಿರುತ್ತದೆ. ಗೋಥೈಟ್‌ನ ಕಣಗಳು ಅತಿ ಸೂಕ್ಷ್ಮವಾದುದರಿಂದ ಅದರ ಶೃಂಗಗಳು ಅಗಲವಾಗಿ ತಗ್ಗಿರುತ್ತವೆ. ಜೊತೆಗೆ ಕಬ್ಬಿಣವು ತಾಮ್ರದ ಕಿರಣವನ್ನು ಹೀರಿಕೊಳ್ಳುತ್ತದೆ. ನೂರರಲ್ಲಿ ಒಂದೆರಡು ಪಾಲಿಗಿಂತ ಕಡಿಮೆ ಇರುವ ಖನಿಜ ನಕ್ಷೆಯಲ್ಲಿ ಕಾಣದೆ ಹೋಗಬಹುದು. ಸ್ಫಟಿಕರೂಪವಿಲ್ಲದ ಕಬ್ಬಿಣದ ಅಥವಾ ಸಿಲಿಕಾದ ಜೆಲ್ ಎಷ್ಟಿದ್ದರೂ ಶೃಂಗವನ್ನು ಕೊಡುವುದಿಲ್ಲ. ಆದ್ದರಿಂದ ಒಂದು ಶೃಂಗ ಕಾಣದಿದ್ದಾಗ ವರದಿಯಲ್ಲಿ ಆ ಖನಿಜ ಇಲ್ಲವೆಂದು ಬರೆಯುವುದಿಲ್ಲ, ಪತ್ತೆಯಾಗಿಲ್ಲವೆಂದು ಬರೆಯುತ್ತಾರೆ.

## ಇವನ್ನೂ ನೋಡಿ

- ಲ್ಯಾಟರೈಟ್
- ಗೋಥೈಟ್
- ಹೆಮಟೈಟ್
- ಬ್ರ್ಯಾಗ್ ನಿಯಮ
- ಮಿಲ್ಲರ್ ಸೂಚ್ಯಂಕ
- ಮಂಗಳೂರು ಹೆಂಚು